ಬಂದ ದುಡ್ಡು ಯಾವ ಬಿಲ್ಲಿಗೆ?

ನಮ್ಮ ವಯಸ್ಸಿನ ಐಟಿಯವರಿಗೆ ಊರಿಗೆ ಹೋದಾಗ ಒಂದಲ್ಲ ಒಂದು ಸಲ ಈ ಕೆಲಸ ಬಂದೇ ಬರುತ್ತೆ. ಮಾವನೋ ಚಿಕ್ಕಪ್ಪನೋ ಹೋಲ್‌ಸೇಲ್ ಅಂಗಡಿ ಇಟ್ಟಿರ್ತಾರೆ. "ದಿನದ ವ್ಯಾಪಾರ ಎಷ್ಟಾಯ್ತು, ಹೊರಗಡೆ ಎಷ್ಟು ಬಾಕಿ ಇದೆ, ಎರಡೂ ಮೊಬೈಲಲ್ಲಿ ಕಾಣೋ ಹಂಗೆ ಮಾಡಿಕೊಡಪ್ಪಾ" ಅಂತಾರೆ. ಕೇಳೋಕೆ ಶನಿವಾರ ಮಧ್ಯಾಹ್ನ ಮುಗಿಯೋ ಕೆಲಸದ ಥರ ಇದೆ. ವ್ಯಾಪಾರದ ಅಂಕಿಯೇನೋ ಹೆಚ್ಚುಕಮ್ಮಿ ಹಾಗೇ ಮುಗಿಯುತ್ತೆ. ಬಾಕಿಯ ಅಂಕಿ ಮಾತ್ರ ಮುಗಿಯಲ್ಲ.

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನ ಸೋದರಮಾವನ ದಿನಸಿ ಹೋಲ್‌ಸೇಲ್ ಅಂಗಡಿ ಇದೆ. ಬೇಳೆ, ಎಣ್ಣೆ, ಸಕ್ಕರೆ, ರವೆ. ಸುತ್ತಲಿನ ಊರುಗಳ ಇನ್ನೂರಕ್ಕೂ ಹೆಚ್ಚು ಚಿಲ್ಲರೆ ಅಂಗಡಿಗಳಿಗೆ ಮಾಲು ಹೋಗುತ್ತೆ. ಅದರಲ್ಲಿ ಹೆಚ್ಚಿನದು ಉದ್ರಿ. ವಾಯಿದೆ 21 ದಿನ. ಕೌಂಟರಿನ ಕಂಪ್ಯೂಟರಿನಲ್ಲಿ ಟ್ಯಾಲಿ ಇದೆ, ಗುಮಾಸ್ತರು ದಿನವೂ ಎಂಟ್ರಿ ಮಾಡ್ತಾರೆ. ಆದರೆ ಮಾವನಿಗೆ ಒಂದು ಪಾರ್ಟಿಯ ಬಾಕಿ ತಿಳಿಯಬೇಕಂದ್ರೆ ಗುಮಾಸ್ತರನ್ನು ಕೂಗಬೇಕು, ಅವರು ಲೆಡ್ಜರ್ ತೆಗೆದು ಕೊನೆಯ ಸಾಲು ಓದಬೇಕು. ಈ ಅಂಗಡಿಗೆ ಡ್ಯಾಶ್‌ಬೋರ್ಡ್ ಕಟ್ಟಿದ ಕೆಲಸವನ್ನೇ ಈ ಸಲದ ಅಂಕಣಕ್ಕೆ ತಗೊಂಡಿದ್ದೀನಿ. ನಿಮ್ಮ ಮನೆಯ ಅಂಗಡಿಗೂ ಇದೇ ಲೆಕ್ಕ ಬರುತ್ತೆ.

ಪರದೆಯ ಮೇಲೆ ನಾಲ್ಕೇ ಅಂಕಿ

ಮೊದಲು ಚಾರ್ಟ್‌ಗಳ ಆಸೆ ಬಿಡಿ. ಅಂಗಡಿ ಯಜಮಾನರು ಫೋನ್ ನೋಡೋದು ಹಮಾಲರು ಚೀಲ ಇಳಿಸುತ್ತಿರುವಾಗ, ಲಾರಿಯವನ ಜೊತೆ ಮಾತಾಡುತ್ತಾ. ಅವರಿಗೆ ಬೇಕಾದ್ದು ನಾಲ್ಕು ಅಂಕಿ: ಇವತ್ತಿನ ವ್ಯಾಪಾರ, ಇವತ್ತಿನ ವಸೂಲಿ, ಒಟ್ಟು ಬಾಕಿ, ಅದರಲ್ಲಿ ವಾಯಿದೆ ಮೀರಿದ್ದು. ಅದರ ಕೆಳಗೆ ಇವತ್ತು ಫೋನ್ ಮಾಡಬೇಕಾದ ಹತ್ತು ಪಾರ್ಟಿಗಳ ಪಟ್ಟಿ.

ವ್ಯಾಪಾರ ಅಂದರೆ ಏನು ಅಂತ ಮೊದಲೇ ಮಾತಾಡಿಕೊಂಡುಬಿಡಿ. ಎಣ್ಣೆಯ ಒಂದು ಬಿಲ್ ₹1,00,000 ಇದೆ, ಅದರ ಮೇಲೆ 5% ಜಿಎಸ್‌ಟಿ ಸೇರಿ ₹1,05,000 ಆಯ್ತು ಅನ್ನೋಣ. ವ್ಯಾಪಾರ ₹1,00,000. ಬಾಕಿ ಮಾತ್ರ ₹1,05,000, ಏಕೆಂದರೆ ಪಾರ್ಟಿ ಕೊಡಬೇಕಾದ್ದು ತೆರಿಗೆ ಸೇರಿದ ಮೊತ್ತ. ಎರಡು ಅಂಕಿಗಳನ್ನೂ ಒಂದೇ ಕಾಲಮ್ಮಿಂದ ತೆಗೆದರೆ ಒಂದಂತೂ ತಪ್ಪಾಗುತ್ತೆ.

ವಸೂಲಿಯಲ್ಲೂ ಹೀಗೇ. ಗಲ್ಲಾಕ್ಕೆ ಬಂದ ದುಡ್ಡಲ್ಲಿ ಇವತ್ತಿನ ನಗದು ಬಿಲ್ಲಿನದೂ ಇರುತ್ತೆ, ಹಳೇ ಉದ್ರಿ ತೀರಿಸಿದ್ದೂ ಇರುತ್ತೆ. ಡ್ಯಾಶ್‌ಬೋರ್ಡಿನ ವಸೂಲಿ ಅಂದರೆ ಎರಡನೆಯದು ಮಾತ್ರ. ಹೀಗೆ ಬೇರೆ ಮಾಡಿದರೆ ಪ್ರತಿ ರಾತ್ರಿ ಒಂದು ಸುಲಭದ ತಾಳೆ ಸಿಗುತ್ತೆ: ನಿನ್ನೆಯ ಬಾಕಿ, ಅದಕ್ಕೆ ಇವತ್ತಿನ ಉದ್ರಿ ಬಿಲ್ ಕೂಡಿಸಿ, ವಸೂಲಿಯನ್ನೂ ವಾಪಸ್ ಬಂದ ಮಾಲನ್ನೂ ಕಳೆದರೆ ಇವತ್ತಿನ ಬಾಕಿ ಬರಬೇಕು. ಇವತ್ತು ತೆರಿಗೆ ಸೇರಿ ₹1,43,000 ಉದ್ರಿ ಹೋಯ್ತು, ₹1,12,000 ವಸೂಲಿ ಬಂತು, ವಾಪಸ್ ಏನೂ ಇಲ್ಲ ಅಂದರೆ ಒಟ್ಟು ಬಾಕಿ ₹31,000 ಏರಿರಬೇಕು. ಅಷ್ಟೇ ಏರಿಲ್ಲ ಅಂದರೆ ಯಾವುದೋ ಎಂಟ್ರಿ ಬಿಟ್ಟುಹೋಗಿದೆ, ಇಲ್ಲವೇ ಯಾರೋ ಹಳೇ ತಾರೀಖಿನ ಬಿಲ್ ತಿದ್ದಿದ್ದಾರೆ.

ದೊಡ್ಡ ಬಾಕಿ, ಕೆಟ್ಟ ಬಾಕಿ

ಮಾವನ ಹಳೇ ಪದ್ಧತಿ ಅಂದರೆ ಬಾಕಿಯ ಪಟ್ಟಿಯನ್ನು ದೊಡ್ಡ ಮೊತ್ತದಿಂದ ಚಿಕ್ಕ ಮೊತ್ತಕ್ಕೆ ಜೋಡಿಸಿ ಪ್ರಿಂಟ್ ಹಾಕಿಸೋದು, ಮೇಲಿಂದ ಫೋನ್ ಮಾಡ್ತಾ ಬರೋದು. ಜುಲೈ 10ರ ಪಟ್ಟಿಯಲ್ಲಿ ಮೇಲೆ ಹರಿಹರದ ಒಂದು ಅಂಗಡಿ ಇತ್ತು, ₹4,10,000. ಎಲ್ಲೋ ಮಧ್ಯದಲ್ಲಿ ಜಗಳೂರಿನ ಒಂದು ಅಂಗಡಿ, ₹67,500.

ಹರಿಹರದ ಅಂಗಡಿಯದು ಮೂರು ಬಿಲ್. ಜೂನ್ 22, ಜೂನ್ 29, ಜುಲೈ 6. ಮೂರೂ 21 ದಿನದ ಒಳಗಿನವು. ವಾರಕ್ಕೊಂದು ಲೋಡ್ ತಗೊಂಡು, ಮೂರು ವಾರಕ್ಕೆ ಸರಿಯಾಗಿ ದುಡ್ಡು ಕಳಿಸೋ ಪಾರ್ಟಿ. ಅವರಿಂದ ಇವತ್ತು ಒಂದು ರೂಪಾಯಿಯೂ ಕೇಳೋ ಹಾಗಿಲ್ಲ. ಪಟ್ಟಿಯ ಮೇಲ್ಗಡೆ ಇದ್ದಾರೆ ಅನ್ನೋ ಒಂದೇ ಕಾರಣಕ್ಕೆ ವಾರವಾರ ಫೋನ್ ಮಾಡಿದರೆ ಒಳ್ಳೇ ಪಾರ್ಟಿಗೆ ಬೇಜಾರಾಗುತ್ತೆ.

ಹಾಗಾಗಿ ಪ್ರತಿ ಬಿಲ್ಲಿಗೂ ವಾಯಿದೆ ತಾರೀಖು ಹಾಕಿ, ಅದು ದಾಟಿ ಎಷ್ಟು ದಿನ ಆಯ್ತು ಅಂತ ಲೆಕ್ಕ ಹಾಕಬೇಕು. ಬಿಲ್ ತಾರೀಖಿನಿಂದ ಎಣಿಸಬೇಡಿ. ಒಬ್ಬರಿಗೆ 7 ದಿನ, ಇನ್ನೊಬ್ಬರಿಗೆ 30 ದಿನ ಅಂತ ಮಾತಾಗಿರುತ್ತೆ. ಇಪ್ಪತ್ತು ದಿನದ ಬಿಲ್ ಒಬ್ಬರ ಪಾಲಿಗೆ ತಡ, ಇನ್ನೊಬ್ಬರ ಪಾಲಿಗೆ ಸರಿಯಾಗೇ ಇದೆ. ಈ ವಾಯಿದೆ ದಿನಗಳು ಮಾವನ ತಲೆಯಲ್ಲಿ ಮಾತ್ರ ಇದ್ದವು. ಅವರ ಪಕ್ಕ ಕೂತು, ಪಾರ್ಟಿಗೊಂದು ಸಾಲಿನಂತೆ ಬರೆದುಕೊಳ್ಳೋಕೆ ಒಂದು ಸಂಜೆ ಹಿಡೀತು. ಕೋಡ್ ಬರೆಯೋದಕ್ಕಿಂತ ಇದೇ ಮುಖ್ಯದ ಕೆಲಸ.

ಜಗಳೂರಿನ ಲೆಕ್ಕ

ಈಗ ಅಸಲು ಪ್ರಶ್ನೆ. ಜಗಳೂರಿನ ಅಂಗಡಿಯ ಲೆಡ್ಜರ್ ಹೀಗಿತ್ತು. ಏಪ್ರಿಲ್ 8ರ ಬಿಲ್ ₹48,000. ಜೂನ್ 3ರದು ₹18,500. ಜೂನ್ 17ರದು ₹22,000. ಜುಲೈ 1ರದು ₹19,500. ಒಟ್ಟು ₹1,08,000. ದುಡ್ಡು ಬಂದಿದ್ದು ಎರಡು ಸಲ: ಜೂನ್ 10ಕ್ಕೆ ₹18,500, ಜೂನ್ 24ಕ್ಕೆ ₹22,000. ಒಟ್ಟು ₹40,500. ಬಾಕಿ ₹67,500. ಇಲ್ಲಿವರೆಗೆ ಯಾರಿಗೂ ತಕರಾರಿಲ್ಲ.

ಈ ₹67,500 ಯಾವ ಬಿಲ್ಲಿನದು? ಬಂದ ದುಡ್ಡನ್ನು ಹಳೇ ಬಿಲ್ಲಿನಿಂದ ಶುರು ಮಾಡಿ ಹೊಂದಿಸುತ್ತಾ ಬಂದರೆ ₹40,500 ಪೂರ್ತಿ ಏಪ್ರಿಲ್ ಬಿಲ್ಲಿಗೇ ಹೋಗುತ್ತೆ. ಏಪ್ರಿಲ್‌ದು ₹7,500 ಮಾತ್ರ ಉಳಿಯುತ್ತೆ, ಮಿಕ್ಕ ಮೂರು ಬಿಲ್ಲುಗಳು ಪೂರ್ತಿ ಬಾಕಿ. ಇದನ್ನು ನೋಡಿದವರು "ಈ ಪಾರ್ಟಿ ಎಲ್ಲಾ ಬಿಲ್ಲಲ್ಲೂ ಸ್ವಲ್ಪ ತಡ ಮಾಡುತ್ತೆ, ಕೈ ಬಿಗಿ ಇರಬೇಕು" ಅಂತಾರೆ.

ಈಗ ಬಂದ ಮೊತ್ತಗಳನ್ನು ಇನ್ನೊಂದು ಸಲ ನೋಡಿ. ₹18,500 ಜೂನ್ 3ರ ಬಿಲ್ಲಿಗೆ ಸರಿಯಾಗಿ ಹೊಂದುತ್ತೆ. ₹22,000 ಜೂನ್ 17ರ ಬಿಲ್ಲಿಗೆ. ಹಾಗೆ ಹೊಂದಿಸಿದರೆ ಆ ಎರಡೂ ಬಿಲ್ ಒಂದೇ ವಾರದಲ್ಲಿ ಚುಕ್ತಾ. ಜುಲೈ ಬಿಲ್ಲಿನ ವಾಯಿದೆ ಇನ್ನೂ ಬಂದಿಲ್ಲ. ಏಪ್ರಿಲ್ ಬಿಲ್ ಮಾತ್ರ ಪೂರ್ತಿ ₹48,000 ನಿಂತಿದೆ, ವಾಯಿದೆ ದಾಟಿ 72 ದಿನ. ಇದನ್ನು ನೋಡಿದವರು ಬೇರೆಯದೇ ಪ್ರಶ್ನೆ ಕೇಳ್ತಾರೆ: "ಹೊಸ ಬಿಲ್ಲುಗಳನ್ನ ವಾರದೊಳಗೆ ಕಟ್ಟೋ ಮನುಷ್ಯ ಅದೊಂದು ಬಿಲ್ ಯಾಕೆ ಬಿಟ್ಟ?"

ಒಟ್ಟು ಬಾಕಿ ಎರಡರಲ್ಲೂ ₹67,500. ಇನ್ನೂ ಗಮನಿಸಿ, ವಾಯಿದೆ ಮೀರಿದ ಮೊತ್ತವೂ ಎರಡರಲ್ಲೂ ₹48,000. ಪರದೆಯ ಮೇಲಿನ ಅಂಕಿಗಳು ಒಂದೇ, ಒಳಗಿನ ಕಥೆ ಬೇರೆ. ಮಾವ ಹಳೇ ಪ್ರಿಂಟ್ ನೋಡಿ, "ಜಗಳೂರಿಗೆ ಮುಂದಿನ ಲೋಡ್ ಬ್ಯಾಡ" ಅಂತ ಗೋಡೌನಿಗೆ ಹೇಳೋಕೆ ಹೊರಟಿದ್ದರು. ಹತ್ತು ವರ್ಷದ ಪಾರ್ಟಿ ಅದು.

ಇಲ್ಲಿ ಸರಿ ಯಾವುದು ಅನ್ನೋದಕ್ಕೆ ಕಾನೂನಿನಲ್ಲೇ ಉತ್ತರ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 59, 60, 61ನೇ ಕಲಮುಗಳು ಇದೇ ವಿಷಯಕ್ಕೆ ಇವೆ. ಸಾಲಗಾರ "ಇದು ಈ ಬಾಬ್ತಿಗೆ" ಅಂತ ಹೇಳಿ ಕೊಟ್ಟರೆ, ಅಥವಾ ಸಂದರ್ಭ ನೋಡಿದರೆ ಅದು ಗೊತ್ತಾಗುವಂತಿದ್ದರೆ, ತಗೊಂಡವರು ಅದಕ್ಕೇ ಹೊಂದಿಸಬೇಕು. ಏನೂ ಹೇಳದೆ, ಸೂಚನೆಯೂ ಇಲ್ಲದೆ ಕೊಟ್ಟರೆ ಯಾವುದಕ್ಕೆ ಹೊಂದಿಸಬೇಕು ಅನ್ನೋದು ತಗೊಂಡವರ ಇಷ್ಟ. ಇಬ್ಬರೂ ಏನೂ ಹೊಂದಿಸದಿದ್ದರೆ ಹಳೆಯದು ಮೊದಲು ಅನ್ನೋ ಕ್ರಮದಲ್ಲಿ ತೀರುತ್ತೆ. ಸಾಫ್ಟ್‌ವೇರಿನವರು ಫೀಫೋ ಅಂತ ಬರೆಯೋ ನಿಯಮ ಕಾಯ್ದೆಯಲ್ಲಿ ಕೊನೆಯ ದಾರಿ. ನಾವು ಮಾತ್ರ ಅದನ್ನೇ ಮೊದಲ ದಾರಿ ಮಾಡಿಬಿಡ್ತೀವಿ, ಏಕೆಂದರೆ ಅದಕ್ಕೆ ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಗುಮಾಸ್ತರ ಕಾಲಮ್ಮು

ಹಾಗಾದರೆ ಜಗಳೂರಿನವರು ಹೇಳಿ ಕೊಟ್ಟಿದ್ದರಾ? ಗುಮಾಸ್ತರನ್ನು ಕೇಳಿದೆ. "ಹೇಳ್ತಾರೆ, ಮೊನ್ನೆ ಲೋಡಿಂದು ಅಂತ. ನಾನು ಪಾರ್ಟಿ ಹೆಸರಿಗೆ ಜಮಾ ಮಾಡ್ಕೊಳ್ತೀನಿ ಅಷ್ಟೇ" ಅಂದರು. ಅವರ ದೃಷ್ಟಿಯಿಂದ ಅದು ಸರಿಯೇ. ಲೆಡ್ಜರಿನ ಕೊನೆಯ ಸಾಲು ಸರಿ ಬರೋಕೆ ಅಷ್ಟು ಸಾಕು.

ಟ್ಯಾಲಿಯಲ್ಲಿ ರಸೀದಿ ಎಂಟ್ರಿ ಮಾಡುವಾಗ, ಬಿಲ್‌ವಾರು ಲೆಕ್ಕದ ಸೌಲಭ್ಯ ಹಾಕಿಕೊಂಡಿದ್ದರೆ, ಈ ದುಡ್ಡು ಯಾವ ಬಿಲ್ಲಿಗೆ ಅಂತ ಅದು ಕೇಳುತ್ತೆ. `Agst Ref` ಆರಿಸಿದರೆ ಬಾಕಿ ಬಿಲ್ಲುಗಳ ಪಟ್ಟಿ ಬರುತ್ತೆ, ಅದರಲ್ಲಿ ಒಂದನ್ನು ಹಿಡಿಯಬಹುದು. `On Account` ಆರಿಸಿದರೆ ಯಾವ ಬಿಲ್ಲಿಗೂ ಸೇರದೆ ಪಾರ್ಟಿಯ ಖಾತೆಗೆ ಮಾತ್ರ ಜಮಾ ಆಗುತ್ತೆ. ಎರಡನೆಯದು ಬೇಗ ಮುಗಿಯುತ್ತೆ, ಹಾಗಾಗಿ ಎಲ್ಲಾ ರಸೀದಿಗಳೂ ಅದರಲ್ಲೇ ಇದ್ದವು. ನಿಮ್ಮ ಅಂಗಡಿಯಲ್ಲೂ ಹೀಗಿದೆಯಾ ಅಂತ ತಿಳಿಯೋದು ಸುಲಭ. ಒಂದು ಪಾರ್ಟಿಯ ಬಾಕಿ ಬಿಲ್ಲುಗಳ ವರದಿ ತೆಗೆಯಿರಿ. ವರ್ಷದ ಎಲ್ಲಾ ಬಿಲ್ಲುಗಳೂ ಪೂರ್ತಿ ಬಾಕಿ ಅಂತ ನಿಂತಿದ್ದು, `On Account` ಅಂತ ಒಂದು ದೊಡ್ಡ ಮೊತ್ತ ಜಮಾ ಕಡೆ ಬೇರೆಯಾಗಿ ಕೂತಿದ್ದರೆ, ಅದೇ ಕಾಯಿಲೆ.

ಪರಿಹಾರ ಸಣ್ಣದು. ಇನ್ನು ಮುಂದೆ ಬರೋ ಪ್ರತಿ ರಸೀದಿಗೂ ಬಿಲ್ ನಂಬರ್ ಬರೆಯಬೇಕು. ಹೇಳದೆ ಕೊಟ್ಟರೆ ಮಾತ್ರ `OA`. ಲೈನ್ ಮೇಲೆ ಹೋಗಿ ದುಡ್ಡು ತರೋ ಹುಡುಗನ ರಸೀದಿ ಪುಸ್ತಕದಲ್ಲೂ ಬಿಲ್ ನಂಬರಿಗೆ ಒಂದು ಕಾಲಮ್ ಹಾಕಿಸಿದ್ವಿ. ಏಕೆಂದರೆ "ಇದು ಯಾವುದಕ್ಕೆ" ಅನ್ನೋ ಮಾತು ನಡೆಯೋದು ಅಲ್ಲಿ, ಜಗಳೂರಿನ ಆ ಅಂಗಡಿಯ ಕಟ್ಟೆ ಮೇಲೆ. ರಾತ್ರಿ ದಾವಣಗೆರೆಯ ಕಂಪ್ಯೂಟರ್ ಮುಂದೆ ಕೂತು ಅದನ್ನು ಊಹಿಸೋಕಾಗಲ್ಲ.

ಶೀಟ್ ಕಟ್ಟುವ ಬಗೆ

ದೊಡ್ಡ ಸಾಫ್ಟ್‌ವೇರ್ ಏನೂ ಬೇಕಾಗಿಲ್ಲ. ಗೂಗಲ್ ಶೀಟ್ ಸಾಕು. ಮೂರು ಹಾಳೆ: `Parties`ನಲ್ಲಿ ಪಾರ್ಟಿಯ ಕೋಡ್, ಹೆಸರು, ವಾಯಿದೆ ದಿನ. `Bills`ನಲ್ಲಿ ತಾರೀಖು, ಪಾರ್ಟಿ ಕೋಡ್, ಬಿಲ್ ನಂಬರ್, ತೆರಿಗೆ ಸೇರಿದ ಮೊತ್ತ, ಈ ಕ್ರಮದಲ್ಲಿ A ಇಂದ D ವರೆಗೆ. `Receipts`ನಲ್ಲೂ ಅದೇ ಕ್ರಮ, ಮೂರನೇ ಕಾಲಮ್ಮಿನಲ್ಲಿ ಬಿಲ್ ನಂಬರ್ ಅಥವಾ `OA`. ರಾತ್ರಿ ಅಂಗಡಿ ಮುಚ್ಚೋ ಮುಂಚೆ ಗುಮಾಸ್ತರು ಟ್ಯಾಲಿಯಿಂದ ಆ ದಿನದ ಬಿಲ್ ಮತ್ತು ರಸೀದಿಗಳನ್ನು ಎಕ್ಸೆಲ್‌ಗೆ ತೆಗೆದು ಇಲ್ಲಿ ಅಂಟಿಸ್ತಾರೆ.

`Bills` ಹಾಳೆಯ ಎರಡನೇ ಸಾಲಿನಲ್ಲಿ E, F, G, H ಕಾಲಮ್ಮುಗಳಿಗೆ ಈ ನಾಲ್ಕು ಸೂತ್ರ ಹಾಕಿ, ಕೆಳಗೆ ಎಳೆಯಿರಿ:

```
E2: =D2-SUMIF(Receipts!C:C,C2,Receipts!D:D)
F2: =SUMIF(B$2:B2,B2,E$2:E2)
G2: =MAX(0,MIN(E2,F2-SUMIFS(Receipts!D:D,Receipts!B:B,B2,Receipts!C:C,"OA")))
H2: =MAX(0,TODAY()-(A2+VLOOKUP(B2,Parties!A:C,3,FALSE)))
```

ಇದು ಕಾಯ್ದೆಯ ಕ್ರಮದಲ್ಲೇ ನಡೆಯುತ್ತೆ. E ಅಂದರೆ ಆ ಬಿಲ್ಲಿನ ಹೆಸರು ಹೇಳಿ ಕೊಟ್ಟ ದುಡ್ಡನ್ನು ಕಳೆದು ಉಳಿದದ್ದು. F ಅಂದರೆ ಅದೇ ಪಾರ್ಟಿಯ ಇಲ್ಲಿವರೆಗಿನ ಉಳಿಕೆಗಳ ಕೂಡುಮೊತ್ತ. G ಅಂದರೆ ಹೇಳದೆ ಕೊಟ್ಟ ದುಡ್ಡನ್ನು ಹಳೇ ಬಿಲ್ಲಿನಿಂದ ಹೊಂದಿಸಿದ ಮೇಲೆ ನಿಜವಾಗಿ ಬಾಕಿ ಇರೋದು. H ಅಂದರೆ ವಾಯಿದೆ ದಾಟಿದ ದಿನ. F ಸಾಲಿನ ಕ್ರಮವನ್ನೇ ನಂಬಿರೋದರಿಂದ `Bills` ಹಾಳೆ ಯಾವಾಗಲೂ ತಾರೀಖಿನ ಕ್ರಮದಲ್ಲಿ ಇರಬೇಕು. E ಕಾಲಮ್ಮಿನಲ್ಲಿ ಋಣ ಅಂಕಿ ಬಂದರೆ, ಆ ಬಿಲ್ಲಿಗೆ ಬೇಕಾದ್ದಕ್ಕಿಂತ ಹೆಚ್ಚು ಜಮಾ ಆಗಿದೆ ಅಂತ ಅರ್ಥ. ಹೆಚ್ಚಾದ ಭಾಗವನ್ನು ಬೇರೆ ಸಾಲು ಮಾಡಿ `OA` ಅಂತ ಬರೆಯಬೇಕು. ಅಂಥ ಸಾಲು ಕೆಂಪಾಗಿ ಕಾಣೋ ಹಾಗೆ ಮಾಡಿಟ್ಟರೆ ಗುಮಾಸ್ತರೇ ಸರಿ ಮಾಡಿಕೊಳ್ತಾರೆ.

ಫೋನಿನಲ್ಲಿ ಗೊತ್ತಾಗಿದ್ದು

ಜಗಳೂರಿನ ಎರಡು ರಸೀದಿಗಳಿಗೆ ಬಿಲ್ ನಂಬರ್ ಹಾಕಿದ ಮೇಲೆ ಪರದೆಯಲ್ಲಿ ಏಪ್ರಿಲ್ ಬಿಲ್ ಒಂಟಿಯಾಗಿ ನಿಂತಿತು. ಮಾವ ಲೋಡ್ ನಿಲ್ಲಿಸೋ ಮಾತು ಬದಿಗಿಟ್ಟು ಫೋನ್ ಮಾಡಿದರು. "ಏನ್ರೀ, ಏಪ್ರಿಲ್ ಬಿಲ್ ಹಂಗೇ ನಿಂತೈತಲ್ರೀ?"

ಆ ಕಡೆಯಿಂದ ಬಂದ ಉತ್ತರ: "ಸಾವ್ಕಾರ್ರೇ, ಅದ್ರಾಗೆ ಮೂರು ಚೀಲ ತೊಗರಿಬೇಳೆ ಹುಳ ಬಿದ್ದಿತ್ತು, ನಿಮ್ಮ ಗಾಡೀಲೇ ವಾಪಸ್ ಕಳಿಸೀನಿ. ಅದನ್ನ ಕಡಿಮೆ ಮಾಡಿದ ಚೀಟಿ ಕೊಡ್ರಿ, ಆ ಬಿಲ್ ಚುಕ್ತಾ ಮಾಡ್ತೀನಿ ಅಂತ ಹುಡುಗನ ಕೈಲಿ ಎರಡು ಸಲ ಹೇಳಿ ಕಳಿಸೀನಿ."

ಚೀಲಗಳು ಗೋಡೌನಿಗೆ ಬಂದಿದ್ದವು. ಕ್ರೆಡಿಟ್ ನೋಟ್ ಮಾತ್ರ ಆಗಿರಲಿಲ್ಲ. 50 ಕೆಜಿ ಚೀಲ, ಚೀಲಕ್ಕೆ ₹5,500, ಮೂರಕ್ಕೆ ₹16,500. ಅದನ್ನು ಕಳೆದರೆ ಏಪ್ರಿಲ್ ಬಿಲ್ಲಿನ ಬಾಕಿ ₹31,500, ಪಾರ್ಟಿಯ ಒಟ್ಟು ಬಾಕಿ ₹51,000. ಚೀಟಿ ಹೋದ ಮೇಲೆ ಎರಡು ಲೈನ್ ದಿನದಲ್ಲಿ ಆ ದುಡ್ಡು ಬಂತು.

ಹಳೆಯದು ಮೊದಲು ಅನ್ನೋ ಲೆಕ್ಕವೊಂದೇ ಇದ್ದಿದ್ದರೆ ಏಪ್ರಿಲ್ ಬಿಲ್ ಬರೀ ₹7,500 ಅಂತ ತೋರಿಸುತ್ತಿತ್ತು, ಇನ್ನೊಂದು ರಸೀದಿ ಬಂದರೆ ಅದೂ ಮಾಯ. ತಕರಾರು ಯಾವ ಬಿಲ್ಲಿನದು ಅನ್ನೋದೇ ಪರದೆಯಿಂದ ಅಳಿಸಿಹೋಗುತ್ತಿತ್ತು. ಹೋಲ್‌ಸೇಲಿನಲ್ಲಿ ಒಂಟಿಯಾಗಿ ನಿಂತ ಹಳೇ ಬಿಲ್ ಅಂದರೆ ಬಹಳ ಸಲ ಮಾಲಿನ ತಕರಾರು, ದರದ ತಕರಾರು, ಇಲ್ಲಾ ಬಾಯಿಮಾತಿನ ರಿಯಾಯಿತಿ. ಎಲ್ಲಾ ಬಿಲ್ಲೂ ಒಂದೊಂದು ವಾರ ತಡವಾಗುತ್ತಿದ್ದರೆ ಅದು ದುಡ್ಡಿನ ಮುಗ್ಗಟ್ಟು. ಮೊದಲನೆಯವರಿಗೆ ಚೀಟಿ ಕೊಡಬೇಕು, ಎರಡನೆಯವರಿಗೆ ಉದ್ರಿ ಕಡಿಮೆ ಮಾಡಬೇಕು. ಡ್ಯಾಶ್‌ಬೋರ್ಡ್ ಈ ಎರಡನ್ನೂ ಬೇರೆ ಬೇರೆ ಮಾಡಿ ತೋರಿಸಬೇಕು.

ವಾಪಸ್ ಬಂದ ಮಾಲಿಗೆ ಈಗ ಒಂದು ನಿಯಮ ಇದೆ. ಗೋಡೌನಿನೊಳಗೆ ಚೀಲ ಇಳಿದ ದಿನವೇ `Receipts` ಹಾಳೆಯಲ್ಲಿ ಬಿಲ್ ನಂಬರ್ ಸಮೇತ ಒಂದು ಸಾಲು, ಐದನೇ ಕಾಲಮ್ಮಿನಲ್ಲಿ "ವಾಪಸ್" ಅಂತ. ದಿನದ ವಸೂಲಿ ಲೆಕ್ಕ ಹಾಕುವಾಗ ಆ ಸಾಲುಗಳನ್ನು ಬಿಡಬೇಕು, ವ್ಯಾಪಾರದಿಂದ ಕಳೆಯಬೇಕು.

ಎಲ್ಲಿ ಕೆಡುತ್ತೆ

ಮೊದಲನೆಯದು ಏಪ್ರಿಲ್ 1. ಹೊಸ ವರ್ಷಕ್ಕೆ ಖಾತೆ ಎತ್ತುವಾಗ ಹಳೇ ಬಾಕಿಯನ್ನು "ಶುರುವಿನ ಬಾಕಿ" ಅಂತ ಒಂದೇ ಮೊತ್ತವಾಗಿ ತಂದರೆ, ಎರಡು ವರ್ಷದ ಹಳೇ ಬಿಲ್ಲಿಗೂ ಏಪ್ರಿಲ್ 1 ಅನ್ನೋ ತಾರೀಖು ಬಂದುಬಿಡುತ್ತೆ. ಡ್ಯಾಶ್‌ಬೋರ್ಡಿನಲ್ಲಿ ಏಪ್ರಿಲ್ ತಿಂಗಳು ಎಲ್ಲಾ ಪಾರ್ಟಿಗಳೂ ಒಳ್ಳೆಯವರಾಗಿ ಕಾಣ್ತಾರೆ. ಹಳೇ ಬಾಕಿಯನ್ನು ಬಿಲ್‌ವಾರು, ಮೂಲ ತಾರೀಖಿನ ಸಮೇತ ತರಬೇಕು. ಪತ್ತೆ ಹಚ್ಚೋದು ಹೇಗೆ? ಏಪ್ರಿಲ್ 1ರ ತಾರೀಖಿನ ಬಿಲ್ಲುಗಳು ಎಷ್ಟಿವೆ ಎಣಿಸಿ. ಪಾರ್ಟಿಗೊಂದರಂತೆ ಇನ್ನೂರು ಇದ್ದರೆ, ಅವು ಬಿಲ್ಲುಗಳಲ್ಲ.

ಎರಡನೆಯದು ಚೆಕ್. ಚೆಕ್ ಕೈಗೆ ಬಂದ ದಿನವೇ ಜಮಾ ಮಾಡಿದರೆ ಬಾಕಿ ಇಳಿಯುತ್ತೆ, ಪಾರ್ಟಿಗೆ ಮತ್ತೆ ಮಾಲು ಹೋಗುತ್ತೆ, ಆಮೇಲೆ ಚೆಕ್ ವಾಪಸ್ ಬರುತ್ತೆ. ಮುಂದಿನ ತಾರೀಖಿನ ಚೆಕ್ ಕೊಡೋರು ಪೇಟೆಯಲ್ಲಿ ಬಹಳ ಜನ. ನಮ್ಮ ಶೀಟಿನಲ್ಲಿ ಚೆಕ್‌ಗಳಿಗೆ ಬೇರೆ ಹಾಳೆ ಇದೆ. ಬ್ಯಾಂಕಿನಲ್ಲಿ ಪಾಸಾದ ಮೇಲಷ್ಟೇ ಅದು `Receipts`ಗೆ ಬರುತ್ತೆ. ಅಲ್ಲಿವರೆಗೆ ಪಾರ್ಟಿಯ ಬಾಕಿಯ ಪಕ್ಕದಲ್ಲಿ "ಕೈಯಲ್ಲಿ ಚೆಕ್" ಅಂತ ಕಾಣುತ್ತೆ, ಬಾಕಿಯಿಂದ ಕಳೆಯಲ್ಲ. ಟ್ಯಾಲಿಯಲ್ಲಿ ಜಮಾ ಆಗಿರೋ ಚೆಕ್‌ಗಳಿಂದಾಗಿ ತಾಳೆ ನೋಡುವಾಗ ಅಷ್ಟು ವ್ಯತ್ಯಾಸ ಬರುತ್ತೆ, ಅದನ್ನು ಕೂಡಿಸಿಕೊಂಡೇ ನೋಡಬೇಕು.

ಮೂರನೆಯದು ಹೆಸರು. ಒಂದೇ ಅಂಗಡಿ "ಟ್ರೇಡರ್ಸ್" ಅಂತ ಒಂದು ಕಡೆ, "ಕಿರಾಣಿ ಸ್ಟೋರ್" ಅಂತ ಇನ್ನೊಂದು ಕಡೆ ಇರುತ್ತೆ. ಬಿಲ್ ಒಂದರಲ್ಲಿ, ಜಮಾ ಇನ್ನೊಂದರಲ್ಲಿ. ಒಂದರಲ್ಲಿ ಬಾಕಿ ಬೆಳೀತಾ ಇರುತ್ತೆ, ಇನ್ನೊಂದರಲ್ಲಿ ಮುಂಗಡ ಬೆಳೀತಾ ಇರುತ್ತೆ. ಹಾಗಾಗಿ ಹೆಸರನ್ನು ನಂಬದೆ ಪಾರ್ಟಿಗೊಂದು ಕೋಡ್ ಕೊಡಿ, ಪಕ್ಕದಲ್ಲಿ ಫೋನ್ ನಂಬರ್ ಇರಲಿ. ದೊಡ್ಡ ಮುಂಗಡ ಕಂಡ ಪಾರ್ಟಿಗೆ ಅದೇ ಫೋನ್ ನಂಬರಿನ ಇನ್ನೊಂದು ಖಾತೆ ಇದೆಯಾ ಅಂತ ಮೊದಲು ನೋಡಿ.

ಇವೆಲ್ಲಕ್ಕೂ ಒಂದು ಕಾವಲು ಬೇಕು. ಪ್ರತಿ ಪಾರ್ಟಿಗೆ G ಕಾಲಮ್ಮಿನ ಮೊತ್ತದಲ್ಲಿ ಮುಂಗಡ ಕಳೆದು, ಟ್ಯಾಲಿ ಲೆಡ್ಜರಿನ ಕೊನೆಯ ಬಾಕಿಯ ಪಕ್ಕ ಇಟ್ಟು ವ್ಯತ್ಯಾಸ ತೋರಿಸೋ ಒಂದು ಹಾಳೆ ಮಾಡಿ. ಕೈಯಲ್ಲಿರೋ ಚೆಕ್ ಬಿಟ್ಟರೆ ವ್ಯತ್ಯಾಸ ಸೊನ್ನೆ ಇರಬೇಕು. "ಹೆಚ್ಚುಕಮ್ಮಿ ಸರಿ ಇದೆ" ಅನ್ನೋದು ಇಲ್ಲಿ ನಡೆಯಲ್ಲ. ಮಾವನಿಗೆ ಐದು ಪಾರ್ಟಿಗಳ ಬಾಕಿ ಬಾಯಿಪಾಠ. ಅವರು ಮೊದಲ ದಿನ ಮಾಡಿದ್ದೂ ಅದೇ, ಐದನ್ನು ತೆಗೆದು ನೋಡಿದರು. ಅದರಲ್ಲಿ ಒಂದು ತಪ್ಪಿದ್ದರೂ ಮಿಕ್ಕ ಇನ್ನೂರನ್ನು ಅವರು ನೋಡುತ್ತಿರಲಿಲ್ಲ. ಜೊತೆಗೆ ಪರದೆಯ ಮೇಲ್ತುದಿಯಲ್ಲಿ "ಕೊನೆಯ ಎಂಟ್ರಿ: ನಿನ್ನೆ ರಾತ್ರಿ 8.40" ಅನ್ನೋ ಸಾಲು ಇರಲಿ. ಇಲ್ಲದಿದ್ದರೆ ಗುಮಾಸ್ತರು ರಜೆ ಹಾಕಿದ ದಿನದ ಅಂಕಿ ನೋಡಿ "ವ್ಯಾಪಾರ ಬಿದ್ದೋಯ್ತು" ಅಂತ ಗಾಬರಿಯಾಗುತ್ತೆ.

ಯಾರಿಗೆ ಮೊದಲು ಫೋನ್

ಕೊನೆಯದಾಗಿ ಆ ಹತ್ತು ಹೆಸರಿನ ಪಟ್ಟಿ. ಬರೀ ಮೊತ್ತದಿಂದ ಜೋಡಿಸಿದರೆ ಹರಿಹರ ಮೇಲೆ ಬರುತ್ತೆ. ಬರೀ ದಿನದಿಂದ ಜೋಡಿಸಿದರೆ ₹300 ಉಳಿಸಿಕೊಂಡ ಯಾರೋ ಮೇಲೆ ಬರ್ತಾರೆ. ಎರಡನ್ನೂ ಗುಣಿಸಿ. ಬಾಕಿ ಮೊತ್ತ ಗುಣಿಸು ವಾಯಿದೆ ದಾಟಿದ ದಿನ. ಜಗಳೂರಿನ ಏಪ್ರಿಲ್ ಬಿಲ್ಲಿಗೆ ಆ ದಿನ 48,000 ಗುಣಿಸು 72, ಅಂದರೆ 34,56,000. ಹರಿಹರಕ್ಕೆ ಸೊನ್ನೆ.

ಈ ಅಂಕಿಗೆ ಇನ್ನೊಂದು ಉಪಯೋಗ ಇದೆ. ಅಂಗಡಿ ಬ್ಯಾಂಕಿನ ಸಿಸಿ ಲಿಮಿಟ್ ಮೇಲೆ ವರ್ಷಕ್ಕೆ 12% ಬಡ್ಡಿ ಕಟ್ಟುತ್ತೆ ಅಂದುಕೊಳ್ಳಿ. 34,56,000ಕ್ಕೆ 12% ಹಾಕಿ 365ರಿಂದ ಭಾಗಿಸಿದರೆ ₹1,136. ಬರೆಯದೇ ಉಳಿದ ಒಂದು ಚೀಟಿಗೆ ಮಾವ ಕಟ್ಟಿದ ಬಡ್ಡಿ ಅದು. ಜೊತೆಗೆ, ಸಿಸಿ ಲಿಮಿಟ್ ಲೆಕ್ಕ ಹಾಕುವಾಗ ಅನೇಕ ಬ್ಯಾಂಕುಗಳು 90 ದಿನ ದಾಟಿದ ಬಾಕಿಯನ್ನು ಪರಿಗಣಿಸಲ್ಲ. ಆ ಬಿಲ್ಲಿಗೆ ಜುಲೈ 10ಕ್ಕೆ 93 ದಿನ ಆಗಿತ್ತು.

ಹಾಗಂತ ಪಟ್ಟಿ ಹೇಳಿದ್ದೆಲ್ಲ ಆಜ್ಞೆ ಅಲ್ಲ. ಮಳೆ ಕೈಕೊಟ್ಟ ವರ್ಷ ಜಗಳೂರು ಕಡೆ ಚಿಲ್ಲರೆ ಅಂಗಡಿಗಳೇ ರೈತರಿಗೆ ಉದ್ರಿ ಕೊಟ್ಟು ಕೂತಿರ್ತಾವೆ. ಯಾರ ಮನೇಲಿ ಮದುವೆ, ಯಾರ ಮನೇಲಿ ಆಸ್ಪತ್ರೆ ಅನ್ನೋದು ಶೀಟಿಗೆ ಗೊತ್ತಿಲ್ಲ. ಅದಕ್ಕೇ ಪ್ರತಿ ಹೆಸರಿನ ಪಕ್ಕ ಒಂದು ಖಾಲಿ ಕಾಲಮ್ ಇಟ್ಟಿದ್ದೀವಿ: "ಏನಂದರು". ಫೋನ್ ಮಾಡಿದ ಮೇಲೆ ಮಾವ ಒಂದು ಸಾಲು ಹೇಳ್ತಾರೆ, ಗುಮಾಸ್ತರು ಬರೀತಾರೆ. "ಸೋಮವಾರ ಲೈನ್ ದಿನ ಅರ್ಧ", "ದರದ ತಕರಾರು, ಬಿಲ್ ತಿದ್ದಬೇಕು", "ಫೋನ್ ಎತ್ತಲ್ಲ".

ನೀವು ಇದನ್ನು ಮಾಡೋದಾದರೆ ಸೂತ್ರಗಳಿಂದ ಶುರು ಮಾಡಬೇಡಿ. ಮೊದಲು ಅಂಗಡಿಯ ರಸೀದಿ ಪುಸ್ತಕ ತೆಗೆದು ಕೊನೆಯ ಇಪ್ಪತ್ತು ರಸೀದಿ ನೋಡಿ. ಅದರಲ್ಲಿ ಎಷ್ಟರ ಮೇಲೆ ಬಿಲ್ ನಂಬರ್ ಇದೆ ಎಣಿಸಿ. ಒಂದರ ಮೇಲೂ ಇಲ್ಲ ಅಂದರೆ, ಮೊದಲ ವಾರದ ಕೆಲಸ ಲ್ಯಾಪ್‌ಟಾಪಿನಲ್ಲಿ ಇಲ್ಲ. ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ಒಂದು ಕಾಲಮ್ ಹೆಚ್ಚಿರೋ ರಸೀದಿ ಪುಸ್ತಕ ಮಾಡಿಸಿಕೊಂಡು ಬನ್ನಿ.